ಹೊನ್ನಾವರಕ್ಕೆ ಎಷ್ಟು ಎನ್?

ಕೊಂಕಣ ರೈಲ್ವೆಯ ಟಿಕೆಟಿನಲ್ಲಿ ಆ ಊರು Honnavar, ನಿಲ್ದಾಣದ ಸಂಕೇತ HNA. ಅದೇ ಊರಿಗೆ ಕಾಗದ ಬರೆದರೆ ಅಂಚೆ ಇಲಾಖೆಯ ಲೆಕ್ಕದಲ್ಲಿ ಅದು Honavar, ಪಿನ್ ಕೋಡ್ 581334. ಜನಗಣತಿಯ ಪಟ್ಟಿಯಲ್ಲೂ ಒಂದೇ ಎನ್. ಕನ್ನಡದಲ್ಲಿ ಮಾತ್ರ ಗೊಂದಲವಿಲ್ಲ: ಹೊನ್ನಾವರ. ಊರಿನವರಿಗೆ ಇದರಿಂದ ದಿನನಿತ್ಯದ ತೊಂದರೆಯೇನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಕಚೇರಿಯ ಇಮೇಲ್ ಪೆಟ್ಟಿಗೆಯಲ್ಲಿ ಹಳೆಯ ಪತ್ರವನ್ನು ಹುಡುಕುವಾಗ. Honavar ಎಂದು ಹುಡುಕಿದವರಿಗೆ Honnavar ಎಂದು ಬರೆದ ಪತ್ರಗಳು ಸಿಗುವುದಿಲ್ಲ. ಪತ್ರ ಬಂದಿದೆ, ಉತ್ತರವೂ ಹೋಗಿದೆ. ಆದರೂ ಹುಡುಕಿದವರ ಪಾಲಿಗೆ ಅದು ಇಲ್ಲ. ಎರಡನೇ ಸಲ ಮಾಹಿತಿ ಕೇಳಿ ನೆನಪೋಲೆ ಬರುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಊರುಗಳು ರೋಮನ್ ಲಿಪಿಯಲ್ಲಿ ಹಲವು ವೇಷ ತೊಟ್ಟಿವೆ. ಪೋರ್ಚುಗೀಸರ ಕಾಲದ ಬರಹಗಳಲ್ಲಿ ಭಟ್ಕಳ Baticala ಆಗಿ, ಹೊನ್ನಾವರ Onor, Onore ಆಗಿ ಕಾಣುತ್ತವೆ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲಕ್ಕೆ ಇಂಗ್ಲಿಷ್ ವ್ಯಾಪಾರಿಗಳು ಆ ಹತ್ತಿಯನ್ನು Coompta ಎಂದು ಬರೆದರು. ಇವು ಈಗ ಇತಿಹಾಸದ ಪುಟಗಳಿಗೆ ಸೇರಿದವು. ಇವತ್ತಿನ ರೂಪಗಳಿಗೆ ಕಾರಣ ಹುಡುಕಬೇಕಾದರೆ 1862ಕ್ಕೆ ಹೋಗಬೇಕು. ಆ ವರ್ಷ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ಎರಡೂ ಮೈಸೂರು ರಾಜ್ಯದೊಳಗೆ ಬಂದು ಸೇರುವವರೆಗೆ ಅವುಗಳ ಕಡತಗಳು ಎರಡು ಬೇರೆ ರೂಢಿಗಳಲ್ಲಿ ಬೆಳೆದವು.

ಮುಂಬೈ ಕಡೆಯ ಕಾಗುಣಿತಕ್ಕೆ ಮರಾಠಿಯ ಅಭ್ಯಾಸವಿತ್ತು. ಮರಾಠಿಯಲ್ಲಿ ಪದದ ಕೊನೆಯ ಅಕಾರ ಉಚ್ಚಾರದಲ್ಲಿ ಬಿದ್ದುಹೋಗುತ್ತದೆ, ರೋಮನ್‌ನಲ್ಲಿಯೂ ಅದನ್ನು ಬರೆಯುವುದಿಲ್ಲ. ಹಾಗಾಗಿ ಭಟ್ಕಳ Bhatkal ಆಯಿತು, ಹಳದೀಪುರ Haldipur ಆಯಿತು. ಕನ್ನಡದವರು ಆ ಅಕಾರವನ್ನು ಬಾಯಿತುಂಬ ಹೇಳುತ್ತಾರೆ, ಆದರೆ ಅಕ್ಷರದಲ್ಲಿ ಅದಿಲ್ಲ. ಮದ್ರಾಸ್ ಕಡೆಯ ರೂಢಿ ಇನ್ನೊಂದು ಬಗೆಯದು. ಅಲ್ಲಿ ‘ತ’ಕಾರಕ್ಕೆ th ಬರೆದು, t ಅನ್ನು ‘ಟ’ಕಾರಕ್ಕೆ ಮೀಸಲಿಟ್ಟರು. ಮಂಗಳೂರಿನ ಕಾಮತರು Kamath, ಕುಮಟೆಯ ಕಾಮತರು ಬಹುಪಾಲು Kamat. ಶರಾವತಿ ನದಿ ಹಳೆಯ ಜಿಲ್ಲಾ ದಾಖಲೆಗಳಲ್ಲಿ Sharavati, ವಿದ್ಯುತ್ ನಿಗಮದ ಕಾಗದಗಳಲ್ಲಿ Sharavathi. ಎರಡೂ ತಮ್ಮ ತಮ್ಮ ರೂಢಿಯಲ್ಲಿ ಸರಿ. ಒಂದೇ ಪತ್ರದಲ್ಲಿ ಎರಡೂ ಬಂದರೆ ಓದುವವನು ಎರಡು ನದಿಗಳೆಂದು ತಿಳಿದರೂ ತಿಳಿದಾನು.

ಇದಕ್ಕೆ ಶಾಸ್ತ್ರೀಯ ಪರಿಹಾರ ಇಲ್ಲವೆಂದಲ್ಲ. 2001ರಲ್ಲಿ ಪ್ರಕಟವಾದ ISO 15919 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಭಾರತೀಯ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ರೋಮನ್‌ನಲ್ಲಿ ಬೇರೆ ಬೇರೆ ಗುರುತಿದೆ. ಆ ಪ್ರಕಾರ ಈ ಮೂರು ಊರುಗಳು Bhaṭkaḷa, Honnāvara, Kumaṭā. ಇವನ್ನು ನೋಡಿದ ಯಾರು ಬೇಕಾದರೂ ತಪ್ಪಿಲ್ಲದೆ ಕನ್ನಡಕ್ಕೆ ತಿರುಗಿಸಬಹುದು. ಆದರೆ ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಗೆರೆ ಹಾಕುವ ಈ ಬರಹವನ್ನು ತಹಶೀಲ್ದಾರ್ ಕಚೇರಿಯ ಕೀಲಿಮಣೆಯಲ್ಲಿ ಯಾರು ಟೈಪ್ ಮಾಡಬೇಕು? ಆಧಾರ್, ಬ್ಯಾಂಕ್, ವಿಮೆಯ ನಮೂನೆಗಳೂ ಅದನ್ನು ಕೇಳುವುದಿಲ್ಲ. ಭಾರತ ಸರ್ವೇಕ್ಷಣ ಇಲಾಖೆಯ ನಕಾಶೆಗಳು ನೆಚ್ಚಿಕೊಂಡದ್ದು 19ನೇ ಶತಮಾನದಲ್ಲಿ ವಿಲಿಯಂ ಹಂಟರ್ ರೂಪಿಸಿದ ಪದ್ಧತಿಯನ್ನು. ಅದು ಬಳಕೆಗೆ ಹಗುರ. ಆದರೆ ಗುರುತುಗಳನ್ನು ಬಿಟ್ಟು ಬರೆದಾಗ ‘ಲ’ಕ್ಕೂ ‘ಳ’ಕ್ಕೂ ಒಂದೇ l, ‘ನ’ಕ್ಕೂ ‘ಣ’ಕ್ಕೂ ಒಂದೇ n, ‘ದ’ಕ್ಕೂ ‘ಡ’ಕ್ಕೂ ಒಂದೇ d. ಆಗಲೇ ರೂಢಿಯಾಗಿದ್ದ ಊರ ಹೆಸರುಗಳಿಗೆ ಹಂಟರ್ ಪದ್ಧತಿಯೂ ವಿನಾಯಿತಿ ಕೊಟ್ಟಿತ್ತು.

ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಕನ್ನಡದಿಂದ ರೋಮನ್‌ಗೆ ಹೋಗುವಾಗ ಹಲವು ಅಕ್ಷರಗಳು ಒಂದರೊಳಗೆ ಬೀಳುತ್ತವೆ. ರೋಮನ್‌ನಿಂದ ಕನ್ನಡಕ್ಕೆ ಮರಳುವಾಗ ಆ ಒಂದರಿಂದ ಯಾವುದು ಹೊರಗೆ ಬರಬೇಕೆಂದು ನಿಯಮ ಹೇಳಲಾರದು, ಊರು ಬಲ್ಲವರು ಮಾತ್ರ ಹೇಳಬಲ್ಲರು. Bhatkal ಎಂಬುದನ್ನು ಊರು ಗೊತ್ತಿಲ್ಲದವರು ‘ಭಟ್ಕಲ್’ ಎನ್ನುತ್ತಾರೆ. Kumta ಎಂಬುದು ‘ಕುಮ್ತಾ’ ಆಗುತ್ತದೆ. ಹಿಂದಿಯ ಮೂಲಕ ಬಂದರೆ ಇನ್ನೊಂದು ಪದರ ಸೇರುತ್ತದೆ, ಹಿಂದಿಯಲ್ಲಿ ಹ್ರಸ್ವ ‘ಒ’ ಇಲ್ಲವಾದ್ದರಿಂದ ಹೊನ್ನಾವರ ‘ಹೋನ್ನಾವರ್’ ಆಗಿ ಹಿಂದಿರುಗುತ್ತದೆ. ಕುಮಟಾ ತಾಲೂಕಿನ ಗೋಕರ್ಣದಿಂದ ಬಂದ ಕಥೆಗಾರ ಜಯಂತ ಕಾಯ್ಕಿಣಿ ಅವರ ಇಂಗ್ಲಿಷ್ ಪುಸ್ತಕಗಳ ಮೇಲೆ Kaikini ಎಂದಿದೆ. ಭಟ್ಕಳ ತಾಲೂಕಿನಲ್ಲಿ ಅದೇ ಹೆಸರಿನ ಗ್ರಾಮವೂ ಇದೆ. ಕನ್ನಡ ಸಾಹಿತ್ಯ ಓದದ ಗುಮಾಸ್ತನೊಬ್ಬ Kaikini ನೋಡಿ ‘ಕೈಕಿನಿ’ ಎಂದು ಬರೆದರೆ ಅವನದು ತಪ್ಪೆನ್ನಲಾಗದು. ಅವನ ಮುಂದಿದ್ದ ಅಕ್ಷರಗಳಲ್ಲಿ ‘ಯ್’ ಕೂಡ ಇರಲಿಲ್ಲ, ‘ಣ’ ಕೂಡ ಇರಲಿಲ್ಲ.

ಊರಿನ ಹೆಸರು ಕೆಟ್ಟರೆ ಪತ್ರ ತಡವಾದೀತು. ಮನುಷ್ಯರ ಹೆಸರು ಕೆಟ್ಟರೆ ಹಕ್ಕೇ ತಡವಾಗುತ್ತದೆ. ಈ ಕರಾವಳಿಯಲ್ಲಿ ಅತಿ ಸೂಕ್ಷ್ಮವಾದ ಜೋಡಿ ಎಂದರೆ ನಾಯ್ಕ ಮತ್ತು ನಾಯಕ. ಇಲ್ಲಿನವರಿಗೆ ಇವು ಎರಡು ಬೇರೆ ಅಡ್ಡಹೆಸರುಗಳು, ಸಾಮಾನ್ಯವಾಗಿ ಎರಡು ಬೇರೆ ಸಮುದಾಯಗಳವು. ರೋಮನ್‌ನಲ್ಲಿ ನಾಯ್ಕರು ಬಹುಮಟ್ಟಿಗೆ Naik ಎಂದೂ ನಾಯಕರು Nayak ಎಂದೂ ಬರೆದುಕೊಳ್ಳುತ್ತಾರೆ, ಆದರೆ ಎಲ್ಲರೂ ಅಲ್ಲ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕುಳಿತವರಿಗೆ ಎರಡೂ ಒಂದೇ ಹೆಸರಿನ ಎರಡು ಕಾಗುಣಿತಗಳಂತೆ ಕಾಣುತ್ತವೆ. ‘ಸರಿಪಡಿಸುತ್ತೇನೆ’ ಎಂದು ಒಂದನ್ನು ಇನ್ನೊಂದಾಗಿಸಿದರೆ ಜಾತಿ ಪ್ರಮಾಣಪತ್ರಕ್ಕೂ ಪಹಣಿಗೂ ಹೊಂದಾಣಿಕೆಯೇ ತಪ್ಪಿಹೋಗುತ್ತದೆ. ಹೆಗಡೆಯವರದೂ ಇದೇ ಪಾಡು. ಸಿದ್ದಾಪುರ ಸೀಮೆಯ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ನಿಟ್ಟೆಯ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ ಇಬ್ಬರೂ ಇಂಗ್ಲಿಷಿನಲ್ಲಿ Hegde. ಘಟ್ಟದ ಹೆಗಡೆಗೂ ಕೆಳ ಕರಾವಳಿಯ ಹೆಗ್ಡೆಗೂ ಇರುವ ವ್ಯತ್ಯಾಸ ಕನ್ನಡದಲ್ಲಿ ಕಣ್ಣಿಗೆ ಹೊಡೆಯುತ್ತದೆ, ರೋಮನ್‌ನಲ್ಲಿ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ಕುಮಟಾ ತಾಲೂಕಿನಲ್ಲಿ ಹೆಗಡೆ ಎಂಬ ಊರೇ ಇದೆ. ವಿಳಾಸದ ಸಾಲಿನಲ್ಲಿ Hegde, Kumta ಎಂದಿದ್ದರೆ ಅದು ಅಡ್ಡಹೆಸರೋ ಗ್ರಾಮವೋ ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಭಟ್ಕಳದ ನವಾಯತ ಕುಟುಂಬಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಬಹಳ. ಅಲ್ಲಿ ಪಾಸ್‌ಪೋರ್ಟಿನ ಅಕ್ಷರವೇ ಅಂತಿಮ. Mohammed, Muhammad, Mohd ಇವುಗಳಲ್ಲಿ ಪಾಸ್‌ಪೋರ್ಟಿನಲ್ಲಿ ಯಾವುದಿದೆಯೋ ಅದನ್ನೇ ಊರಿನ ಕಚೇರಿಯ ಇಮೇಲ್ ಕೂಡ ಬಳಸಬೇಕು. ಕನ್ನಡದ ‘ಮೊಹಮ್ಮದ್’ ನೋಡಿ ಹೊಸದಾಗಿ ರೋಮನ್ ಮಾಡಿದರೆ ವಿದೇಶದಲ್ಲಿರುವ ಮಗನ ದಾಖಲೆ ಮತ್ತು ಊರಿನಲ್ಲಿರುವ ತಂದೆಯ ದಾಖಲೆ ಬೇರೆಯಾಗುತ್ತವೆ.

ಒಂದು ಪತ್ರದ ಪ್ರಯಾಣವನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು. ಹೆಸರು ಕಲ್ಪಿತ, ಊರು ನಿಜ. ಹೊನ್ನಾವರ ತಾಲೂಕಿನ ಕಾಸರಕೋಡಿನ ಮೀನುಗಾರ ಮಾಸ್ತಿ ಸುಬ್ಬ ನಾಯ್ಕ ಎಂಬವರ ದೋಣಿ ವಿಮೆಯ ವಿಚಾರ ಎಂದಿಟ್ಟುಕೊಳ್ಳೋಣ. ಸ್ಥಳೀಯ ಕಚೇರಿ ಕನ್ನಡ ಅರ್ಜಿ ನೋಡಿ ಬೆಂಗಳೂರಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುತ್ತದೆ: Masti Subba Naik, Kasarkod. ಇಲ್ಲಿಯವರೆಗೆ ತಪ್ಪಿಲ್ಲ. ಬೆಂಗಳೂರಿನ ಗುಮಾಸ್ತ ಕನ್ನಡದಲ್ಲಿ ಉತ್ತರ ಕೊಡಬೇಕು. ಅವನ ಕೈಯಲ್ಲಿ ಮೂಲ ಅರ್ಜಿ ಇಲ್ಲ, ಇಮೇಲ್ ಮಾತ್ರ ಇದೆ. ಅವನು ‘ಮಸ್ತಿ ಸುಬ್ಬಾ ನಾಯಕ್, ಕಾಸರಗೋಡು’ ಎಂದು ಬರೆಯುತ್ತಾನೆ. ಒಂದೇ ಸಾಲಿನಲ್ಲಿ ಮನುಷ್ಯನ ಹೆಸರು ಕೆಟ್ಟಿತು, ತಂದೆಯ ಹೆಸರು ಕೆಟ್ಟಿತು, ಅಡ್ಡಹೆಸರು ಬೇರೆ ಸಮುದಾಯಕ್ಕೆ ಹೋಯಿತು, ಊರು ಬೇರೆ ರಾಜ್ಯಕ್ಕೆ ಹೋಯಿತು.

ಕೊನೆಯದು ಬೇಜವಾಬ್ದಾರಿಯಿಂದ ಆಗುವ ತಪ್ಪಲ್ಲ. ಶರಾವತಿ ಅಳಿವೆಯ ದಕ್ಷಿಣ ದಂಡೆಯ ಕಾಸರಕೋಡ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರದಿಂದ ಹೆಸರಾಯಿತು, ಇಂಗ್ಲಿಷಿನಲ್ಲಿ ಅದು Kasarkod. ಕೇರಳದ ಕಾಸರಗೋಡು ಈಗ Kasaragod, ಹಳೆಯ ಕಾಗದಗಳಲ್ಲಿ Kasargod. ನಡುವೆ ಇರುವುದು ಒಂದು k, ಒಂದು g. ಕನ್ನಡ ಓದುಗನಿಗೆ ಕಾಸರಗೋಡು ಚಿರಪರಿಚಿತ, ಕಾಸರಕೋಡ ಹೊಸದು. ಹಾಗಾಗಿ ಕೈ ತಾನಾಗಿಯೇ ಪರಿಚಿತ ಹೆಸರಿನತ್ತ ವಾಲುತ್ತದೆ. ಇದನ್ನು ಕಂಡುಹಿಡಿಯುವ ಸುಲಭ ದಾರಿ ಪಿನ್ ಕೋಡ್. ಉತ್ತರ ಕನ್ನಡದ ಈ ಕರಾವಳಿಯ ಅಂಚೆ ಸಂಖ್ಯೆಗಳು 581ರಿಂದ ಶುರುವಾಗುತ್ತವೆ, ಭಟ್ಕಳ 581320, ಕುಮಟಾ 581343. ಕಾಸರಗೋಡಿನವು 671ರಿಂದ. ಹೆಸರು ಒಂದು, ಪಿನ್ ಇನ್ನೊಂದು ಹೇಳುತ್ತಿದ್ದರೆ ಪತ್ರವನ್ನು ಮುಂದೆ ಕಳಿಸದೆ ಅಲ್ಲಿಯೇ ನಿಲ್ಲಿಸಬೇಕು. ಹೆಸರಿನ ಅಕ್ಷರಗಳು ಬೇರೆಯಾಗಿದ್ದು ಪಿನ್ ಒಂದೇ ಆಗಿದ್ದರೆ ಬಹುಶಃ ಊರು ಒಂದೇ. ಆದರೂ ಪಿನ್ ಎಲ್ಲವನ್ನೂ ಹೇಳಲಾರದು. ಒಂದು ಅಂಚೆ ಕಚೇರಿಯ ಕೆಳಗೆ ಹಲವು ಗ್ರಾಮಗಳಿರುತ್ತವೆ. ಭಟ್ಕಳದಲ್ಲಿ ಮುಂಡಳ್ಳಿಯೂ ಇದೆ, ಮುಟ್ಟಳ್ಳಿಯೂ ಇದೆ, Mundalli ಮತ್ತು Muttalli ಅವಸರದ ಕಣ್ಣಿಗೆ ಒಂದೇ. ಗ್ರಾಮದ ಮಟ್ಟಕ್ಕೆ ಇಳಿಯಬೇಕಾದಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿ ನೆರವಿಗೆ ಬರುತ್ತದೆ. lgdirectory.gov.in ತಾಣದಲ್ಲಿ ಪ್ರತಿ ಗ್ರಾಮಕ್ಕೂ ಬೇರೆಲ್ಲೂ ಬಾರದ ಒಂದು ಸಂಖ್ಯೆಯಿದೆ, ಇಂಗ್ಲಿಷ್ ಹೆಸರಿನ ಜೊತೆ ಸ್ಥಳೀಯ ಭಾಷೆಯ ಹೆಸರಿಗೂ ಜಾಗವಿದೆ.

ಹೆಸರಿನ ಸುತ್ತ ಇರುವ ಪದಗಳ ವಿಚಾರ ಬೇರೆ. ಕಂದಾಯ ದಾಖಲೆಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಗಂಗೆ ಕೋಂ ಮಾಸ್ತಿ ನಾಯ್ಕ ಎಂಬುದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದರೆ Gange Kom Masti Naik ಆಗಿ, ಮುಂದಿನ ಕಚೇರಿಯಲ್ಲಿ Kom ಎನ್ನುವುದು ಆ ಹೆಂಗಸಿನ ನಡುಹೆಸರೇ ಆಗಿಬಿಡುತ್ತದೆ. ಇಂಥ ಪದಗಳನ್ನು ಲಿಪ್ಯಂತರ ಮಾಡಬಾರದು, ಇಂಗ್ಲಿಷಿನ w/o ಅಥವಾ s/o ಹಾಕಬೇಕು. ಭಟ್ಕಳದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು, ಅರಬ್ಬೀ ರೂಢಿಯ ಹೆಸರುಗಳಲ್ಲಿ bin ಹೆಸರಿನದೇ ಭಾಗವಾಗಿರಬಹುದು. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು: ಲಿಪ್ಯಂತರ ಮಾಡಬೇಕಾದ್ದನ್ನು ಅನುವಾದ ಮಾಡುವುದು. ಭಟ್ಕಳದ ಮೀನುಗಾರಿಕೆ ಬಂದರು ತೆಂಗಿನಗುಂಡಿಯನ್ನು ತೆಂಗು ಮತ್ತು ಗುಂಡಿ ಎಂದು ಒಡೆದು ಇಂಗ್ಲಿಷಿಗೆ ತಿರುಗಿಸಿದರೆ ಅಂಥ ಬಂದರು ಯಾವ ನಕಾಶೆಯಲ್ಲೂ ಸಿಗುವುದಿಲ್ಲ. ಕೇರಿ, ಕೊಪ್ಪ, ಕೋಡಿ, ಬೈಲು, ಗದ್ದೆ ಇವು ಊರ ಹೆಸರಿನ ಬಾಲವಾಗಿ ಬಂದಾಗ ಹೆಸರಿನ ಜೊತೆಯೇ ಹೋಗಬೇಕು. ಗ್ರಾಮ, ಹೋಬಳಿ, ತಾಲೂಕು, ಜಿಲ್ಲೆ ಇವು ಆಡಳಿತದ ಹಂತಗಳು, ಇವಕ್ಕೆ ಒಂದೇ ರೂಪ ಗೊತ್ತುಮಾಡಿಕೊಳ್ಳಬೇಕು. ಮುಂಬೈ ರೂಢಿಯ taluka, ಮೈಸೂರು ರೂಢಿಯ taluk ಎರಡೂ ಈ ಜಿಲ್ಲೆಯಲ್ಲಿ ಓಡಾಡುತ್ತಿವೆ. ಕನ್ನಡದಲ್ಲೂ ತಾಲೂಕು, ತಾಲ್ಲೂಕು ಎಂಬ ಎರಡು ರೂಪಗಳಿವೆ.

ಜಿಲ್ಲೆಯ ಹೆಸರನ್ನು ಮೊಟಕುಗೊಳಿಸುವ ಅಭ್ಯಾಸವನ್ನಂತೂ ಇಮೇಲ್‌ಗಳಲ್ಲಿ ಕೈಬಿಡಲೇಬೇಕು. ‘ಕುಮಟಾ (ಉ.ಕ.)’ ಎಂಬುದು ಇಲ್ಲಿನ ಅಂಗಡಿ ಫಲಕಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಸಲೀಸಾಗಿ ನಡೆಯುತ್ತದೆ. ಹುಬ್ಬಳ್ಳಿಯ ಕಡೆ ಹೋದರೆ ಉ.ಕ. ಎಂದರೆ ಉತ್ತರ ಕರ್ನಾಟಕ. ಇಂಗ್ಲಿಷಿನಲ್ಲಿ U.K. ಬರೆದರೆ ದೆಹಲಿಯವರಿಗೆ ಉತ್ತರಾಖಂಡ, ಉಳಿದವರಿಗೆ ಬ್ರಿಟನ್.

ಕನ್ನಡದ ಪ್ರತಿಯೇ ಓದಲಾಗದ ಸ್ಥಿತಿಯಲ್ಲಿ ತಲುಪುವುದೂ ಉಂಟು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಯೂನಿಕೋಡ್ ಆಗಿರಲಿಲ್ಲ. ಅವು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸುತ್ತಿದ್ದವು. ಹಾಗೆ ಟೈಪ್ ಮಾಡಿದ್ದನ್ನು ಇಮೇಲಿಗೆ ಅಂಟಿಸಿದರೆ ಅಕ್ಷರಶೈಲಿ ಉದುರಿ ಒಳಗಿನ ಸಂಕೇತ ಮಾತ್ರ ಉಳಿಯುತ್ತದೆ. ಹೊನ್ನಾವರ ಹೀಗೆ ಕಾಣುತ್ತದೆ:

```
ºÉÆ£ÁßªÀgÀ
```

ಇದನ್ನು ಕಂಡ ಆಚೆಯವರು ಕನ್ನಡವನ್ನು ಕೈಬಿಟ್ಟು ಇಂಗ್ಲಿಷ್ ಸಾಲನ್ನಷ್ಟೇ ನಂಬುತ್ತಾರೆ, ಮೇಲೆ ಹೇಳಿದ ಎಲ್ಲ ತಪ್ಪುಗಳಿಗೂ ಬಾಗಿಲು ತೆರೆಯುತ್ತದೆ. ಹಳೆಯ ಕಡತದಿಂದ ಹೆಸರು ಎತ್ತುವಾಗ ಯೂನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಬೇಕು, ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು. ಯೂನಿಕೋಡ್‌ನಲ್ಲೂ ಒಂದು ಒಳಗುಟ್ಟಿದೆ. ‘ಶಾನ್‌ಭಾಗ’ ಎಂದು ನಕಾರವನ್ನು ಬಿಡಿಯಾಗಿ ತೋರಿಸಲು ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಕೂರುತ್ತದೆ. ‘ಶಾನಭಾಗ’, ‘ಶಾನ್‌ಭಾಗ’, ‘ಶಾನ್ಭಾಗ’ ಇವು ಮೂರೂ ಗಣಕಕ್ಕೆ ಮೂರು ಬೇರೆ ಹೆಸರುಗಳು. ಪಟ್ಟಿಯಲ್ಲಿ ಇರುವ ಹೆಸರು ಹುಡುಕಿದರೆ ಸಿಗುತ್ತಿಲ್ಲವೆಂದರೆ ಮೊದಲು ಈ ಸಂಕೇತದ ಮೇಲೆ ಅನುಮಾನಪಡಬೇಕು.

ಹಾಗಾದರೆ ಕಚೇರಿಯ ಮಟ್ಟದಲ್ಲಿ ಆಗಬೇಕಾದ್ದೇನು? ಈ ಲೇಖಕನ ಅಭಿಪ್ರಾಯದಲ್ಲಿ ಹೆಸರನ್ನು ಪ್ರತಿ ಸಲ ಹೊಸದಾಗಿ ಲಿಪ್ಯಂತರ ಮಾಡುವುದನ್ನೇ ನಿಲ್ಲಿಸಬೇಕು. ಊರಿನ ಹೆಸರಿಗೆ ಒಂದು ಸಲ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳುವುದು, ಆಮೇಲೆ ಅಲ್ಲಿಂದ ನಕಲು ಮಾಡುವುದು. ಒಂದು ತಾಲೂಕಿನ ಗ್ರಾಮಗಳ ಪಟ್ಟಿ ದೊಡ್ಡದೇನಲ್ಲ, ಸಾಧಾರಣ ಎಕ್ಸೆಲ್ ಹಾಳೆಯಲ್ಲಿ ಹಿಡಿಸುತ್ತದೆ. ಒಂದು ಕಲಮಿನಲ್ಲಿ ಕನ್ನಡ, ಇನ್ನೊಂದರಲ್ಲಿ ರೋಮನ್, ಮೂರನೆಯದರಲ್ಲಿ ಗ್ರಾಮದ ಸಂಖ್ಯೆ, ಕೊನೆಯಲ್ಲಿ ಬಳಕೆಯಲ್ಲಿರುವ ಉಳಿದ ರೂಪಗಳು. ಆ ಕೊನೆಯ ಕಲಮು ಹುಡುಕುವುದಕ್ಕಾಗಿ. ಮುರ್ಡೇಶ್ವರದ ಎದುರು Murdeshwar ಜೊತೆ Murudeshwar, Murudeshwara ಎಂದೂ ಇದ್ದರೆ ಹಳೆಯ ಪತ್ರ ಹುಡುಕುವವರು ಮೂರನ್ನೂ ಹಾಕಿ ನೋಡುತ್ತಾರೆ. ಕನ್ನಡದ ಕಲಮಿಗೂ ತೀರ್ಮಾನ ಬೇಕು, ಏಕೆಂದರೆ ಮುರುಡೇಶ್ವರ ಎಂದು ಬರೆಯುವವರೂ ಇದ್ದಾರೆ, ಕುಮಟಾ ಕೆಲವರಿಗೆ ಕುಮಟ.

ಯಾವ ರೋಮನ್ ರೂಪವನ್ನು ಆರಿಸಬೇಕು? ವಿಳಾಸಕ್ಕೆ ಅಂಚೆ ಮತ್ತು ಜನಗಣತಿಯ Honavar, ರೈಲಿನ ವಿಚಾರ ಬರೆಯುವಾಗ ಮಾತ್ರ Honnavar. ಎರಡು ಎನ್ ಇರುವ ರೂಪ ಕನ್ನಡಕ್ಕೆ ಹತ್ತಿರ ಎಂಬುದು ನಿಜ, ಆದರೆ ವಿಳಾಸದ ಕೆಲಸ ಕಾಗದವನ್ನು ತಲುಪಿಸುವುದು. Bhatkal ಎಂಬುದನ್ನು ಭಾಷಾಭಿಮಾನದಿಂದ Bhatkala ಎಂದು ನಡುವೆ ತಿದ್ದುವುದೂ ಬೇಡ. ಇನ್ನು ವ್ಯಕ್ತಿಗಳ ಹೆಸರಿಗೆ ಕಚೇರಿಯ ಪಟ್ಟಿ ಅನ್ವಯಿಸುವುದಿಲ್ಲ. ಆಧಾರ್ ಚೀಟಿಯಲ್ಲಿ ಎರಡೂ ಲಿಪಿಗಳಲ್ಲಿ ಹೆಸರಿದೆ, ಎರಡನ್ನೂ ನೋಡಿ ಎರಡನ್ನೂ ಹಾಗೆಯೇ ಎತ್ತಿಕೊಳ್ಳಬೇಕು. ಅದರ ಕನ್ನಡ ಸಾಲು ಎಷ್ಟೋ ಸಲ ಯಂತ್ರ ಊಹಿಸಿ ಬರೆದದ್ದಾಗಿರುವುದರಿಂದ ಪಹಣಿಯ ಹೆಸರಿನೊಂದಿಗೆ ತಾಳೆ ನೋಡಬೇಕು, ಹೊಂದದಿದ್ದರೆ ಅರ್ಜಿದಾರರನ್ನೇ ಕೇಳಬೇಕು. ಮಾಸ್ತಿ ನಾಯ್ಕರ ಪತ್ರದಲ್ಲಿ ಇಷ್ಟಿದ್ದಿದ್ದರೆ ಸಾಕಿತ್ತು:

```
ಮಾಸ್ತಿ ಸುಬ್ಬ ನಾಯ್ಕ / Masti Subba Naik
ಕಾಸರಕೋಡ / Kasarkod
ಹೊನ್ನಾವರ ತಾಲೂಕು / Honavar taluk
ಉತ್ತರ ಕನ್ನಡ ಜಿಲ್ಲೆ / Uttara Kannada district
```

ಪತ್ರದಲ್ಲಿ ಹೆಸರು ಮೊದಲ ಸಲ ಬರುವಲ್ಲಿ ಎರಡೂ ಲಿಪಿ, ಆಮೇಲೆ ಪತ್ರ ಯಾವ ಭಾಷೆಯದೋ ಆ ಲಿಪಿ. ಬೆಂಗಳೂರಿನ ಗುಮಾಸ್ತ ಊಹಿಸಬೇಕಾಗಿಲ್ಲ, ನಕಲು ಮಾಡಿದರಾಯಿತು. ಇಮೇಲಿನ ವಿಷಯದ ಸಾಲಿನಲ್ಲಿಯೂ ಊರಿನ ಹೆಸರು ಎರಡೂ ಲಿಪಿಯಲ್ಲಿದ್ದರೆ ಯಾವುದನ್ನು ಹಾಕಿ ಹುಡುಕಿದರೂ ಪತ್ರ ಸಿಗುತ್ತದೆ.

ಇಷ್ಟಾದರೂ ಕಚೇರಿಯ ಕೈಗೆ ನಿಲುಕದ್ದು ಒಂದಿದೆ. ರೈಲ್ವೆಯದೂ ಅಂಚೆಯದೂ ಒಂದಾಗಬೇಕಾದರೆ ಸರ್ಕಾರಗಳೇ ಕೂರಬೇಕು. ಊರಿನ, ರೈಲು ನಿಲ್ದಾಣದ ಹೆಸರಿನ ಅಧಿಕೃತ ಬದಲಾವಣೆಗೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ಕನ್ನಡಕ್ಕೆ ಹತ್ತಿರವಾಗಿ ಬದಲಾದದ್ದು ಹಾಗೆಯೇ. ಆ ಪಟ್ಟಿಯಲ್ಲಿ ಉತ್ತರ ಕನ್ನಡದ ಒಂದು ಊರೂ ಇರಲಿಲ್ಲ. ಹೊನ್ನಾವರದ ಎರಡನೇ ಎನ್‌ಗಾಗಿ ಬೇಡಿಕೆ ಹೋಗುವುದಿದ್ದರೆ ಅದು ತಾಲೂಕಿನಿಂದಲೇ ಹೊರಡಬೇಕು. ಅಲ್ಲಿಯವರೆಗೆ ಕಚೇರಿಯ ಆ ಎಕ್ಸೆಲ್ ಹಾಳೆಯಲ್ಲಿ ಎರಡೂ ರೂಪಗಳು ಇರಬೇಕಾಗುತ್ತದೆ.